ಆರು ತಿಂಗಳ ಮಾತ್ರೆ, ಮೂರು ತಿಂಗಳ ಕಿಟ್: ಮುಂಬೈಯ ಕನ್ನಡ ಸಂಘಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷರೇ, ಕಾರ್ಯದರ್ಶಿಗಳೇ, ಪ್ರತಿ ವರ್ಷ ಕೈಬಿಚ್ಚಿ ಕೊಡುವ ದಾನಿಗಳೇ,

ನಮಸ್ಕಾರ.

ನಾನು ಮುಂಬೈಯಲ್ಲಿ ಪಾಲಿಕೆಯ ಕನ್ನಡ ಶಾಲೆಯಲ್ಲಿ ಕಲಿಸಿ ನಿವೃತ್ತಳಾದ ಟೀಚರ್. ಈಗ ಉಪನಗರದ ಒಂದು ಚಿಕ್ಕ ಕನ್ನಡ ಸಂಘದ ಕಾರ್ಯಕರ್ತೆ. 2023ರಲ್ಲಿ ನಮ್ಮ ಸಂಘ ನಿಕ್ಷಯ್ ಮಿತ್ರ ಆಗಿ ಹೆಸರು ನೋಂದಾಯಿಸಿತು. ಅಂದಿನಿಂದ ಟಿ.ಬಿ. ರೋಗಿಗಳಿಗೆ ಆಹಾರದ ಕಿಟ್ ಕಟ್ಟುವುದು, ಮನೆಗೆ ಮುಟ್ಟಿಸುವುದು ನನ್ನ ಪಾಲಿನ ಕೆಲಸ. ಈ ಕೆಲಸದಲ್ಲಿ ಕಂಡದ್ದನ್ನು ನಿಮ್ಮೆಲ್ಲರ ಮುಂದೆ ಇಡಬೇಕು ಅನ್ನಿಸಿದೆ. ನಮ್ಮ ಸಂಘದ ಸಭೆಯಲ್ಲಿ ಎರಡು ಸಲ ಹೇಳಿದೆ. ಮುಂದಿನ ಸಭೆಗೆ ನೋಡೋಣ ಎಂದರು. ಅದಕ್ಕೇ ಈ ಪತ್ರ.

ಯೋಜನೆ ಗೊತ್ತಿಲ್ಲದವರಿಗೆ ಮೊದಲು ಸ್ವಲ್ಪ ಹೇಳುತ್ತೇನೆ. ಟಿ.ಬಿ.ಗೆ ಪರೀಕ್ಷೆ, ಮಾತ್ರೆ ಎರಡನ್ನೂ ಸರ್ಕಾರ ಉಚಿತವಾಗಿ ಕೊಡುತ್ತದೆ. ಸಾಮಾನ್ಯ ಟಿ.ಬಿ.ಗೆ ಆರು ತಿಂಗಳ ಚಿಕಿತ್ಸೆ. ಊಟಕ್ಕೆಂದು ರೋಗಿಯ ಬ್ಯಾಂಕ್ ಖಾತೆಗೆ ಸ್ವಲ್ಪ ಹಣವೂ ಬರುತ್ತದೆ. 2018ರಿಂದ ತಿಂಗಳಿಗೆ 500 ರೂಪಾಯಿ ಇತ್ತು, 2024ರ ನವೆಂಬರ್‌ನಿಂದ 1000 ಆಗಿದೆ. ಇದರ ಮೇಲೆ 2022ರ ಸೆಪ್ಟೆಂಬರ್ 9ರಂದು ರಾಷ್ಟ್ರಪತಿಗಳು ಚಾಲನೆ ಕೊಟ್ಟ ನಿಕ್ಷಯ್ ಮಿತ್ರ ಬಂತು. ಯಾರು ಬೇಕಾದರೂ, ವ್ಯಕ್ತಿಯಾಗಲಿ ಸಂಘವಾಗಲಿ ಕಂಪನಿಯಾಗಲಿ, ಪೋರ್ಟಲ್‌ನಲ್ಲಿ ಹೆಸರು ಹಾಕಿ ಇಷ್ಟು ರೋಗಿಗಳಿಗೆ ಕನಿಷ್ಠ ಆರು ತಿಂಗಳು ತಿಂಗಳಿಗೊಂದು ಕಿಟ್ ಕೊಡುತ್ತೇವೆ ಎಂದು ಒಪ್ಪಿಕೊಳ್ಳಬಹುದು. ಹೆಲ್ತ್ ಪೋಸ್ಟಿನವರು ರೋಗಿಯ ಒಪ್ಪಿಗೆ ಕೇಳಿ, ಒಪ್ಪಿದವರನ್ನು ನಮಗೆ ಜೋಡಿಸುತ್ತಾರೆ. ದೊಡ್ಡವರ ಕಿಟ್‌ನಲ್ಲಿ 3 ಕಿಲೋ ಧಾನ್ಯ, ಒಂದೂವರೆ ಕಿಲೋ ಬೇಳೆ, ಕಾಲು ಕಿಲೋ ಎಣ್ಣೆ, ಜೊತೆಗೆ 1 ಕಿಲೋ ಹಾಲಿನ ಪುಡಿ ಅಥವಾ 1 ಕಿಲೋ ಶೇಂಗಾ. ನಾವು ಯಾವಾಗಲೂ ಶೇಂಗಾ ಹಾಕುತ್ತಿದ್ದೆವು, ಅದು ಅಗ್ಗ.

ಈಗ ಒಬ್ಬಳ ಕತೆ ಹೇಳುತ್ತೇನೆ. ಹೆಸರು ಬೇಡ. ಯಾದಗಿರಿ ಕಡೆಯವಳು, ವಯಸ್ಸು ಮೂವತ್ತೆರಡು. ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆ ನಾಕಾದಲ್ಲಿ ನಿಂತು ಸಿಕ್ಕ ಕಟ್ಟಡದ ಕೆಲಸಕ್ಕೆ ಹೋಗುವವರು. ಎರಡು ಮಕ್ಕಳು, ಹತ್ತಡಿಯ ಬಾಡಿಗೆ ಖೋಲಿ. 2025ರ ಜನವರಿ ನಡುವೆ ಅವಳಿಗೆ ಶ್ವಾಸಕೋಶದ ಟಿ.ಬಿ. ಎಂದು ಗೊತ್ತಾಯಿತು. ಅವತ್ತು ತೂಕ 34 ಕಿಲೋ 200 ಗ್ರಾಂ. ಅವಳ ಎತ್ತರಕ್ಕೆ ಏನಿಲ್ಲವೆಂದರೂ 41 ಕಿಲೋ ಇರಬೇಕು. ತೂಕದ ಮಾತು ನಾನು ಸುಮ್ನೆ ಎತ್ತುತ್ತಿಲ್ಲ. ಟಿ.ಬಿ.ಯಲ್ಲಿ ಮಾತ್ರೆ ಹಿಡಿಯುತ್ತಿದೆಯೇ, ಆಹಾರ ಸಾಕಾಗುತ್ತಿದೆಯೇ ಎಂದು ಮನೆಯಲ್ಲೇ ತಿಳಿಯಲು ತೂಕದಷ್ಟು ಸುಲಭದ ದಾರಿ ಇನ್ನೊಂದಿಲ್ಲ. ನಾನು ಒಂದು ತೂಕದ ಯಂತ್ರವನ್ನು ಚೀಲದಲ್ಲಿ ಹಾಕಿಕೊಂಡೇ ಹೋಗುತ್ತೇನೆ, ನೂರು ಪುಟದ ಒಂದು ನೋಟ್‌ಬುಕ್‌ನಲ್ಲಿ ಬರೆದಿಡುತ್ತೇನೆ.

ಜನವರಿ ಕೊನೆಗೆ ಮೊದಲ ಕಿಟ್ ಕೊಟ್ಟೆವು. ಫೆಬ್ರವರಿಯಲ್ಲಿ ಎರಡನೆಯದು, ಮಾರ್ಚ್‌ನಲ್ಲಿ ಮೂರನೆಯದು. ಮಾರ್ಚ್ ನಡುವೆ, ಅಂದರೆ ಎರಡು ತಿಂಗಳಾದಾಗ, ತೂಕ 36 ಕಿಲೋ 400 ಗ್ರಾಂ. ಏಪ್ರಿಲ್ ನಡುವೆ 36 ಕಿಲೋ 900. ನನಗೆ ಎಷ್ಟು ಖುಷಿಯಾಯಿತೆಂದರೆ, ಅವಳ ಸಣ್ಣ ಮಗನಿಗೆ ಆ ಅಂಕಿಯನ್ನು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯಲು ಹೇಳಿದೆ.

ಏಪ್ರಿಲ್‌ನಲ್ಲಿ ಕಿಟ್ ಬರಲಿಲ್ಲ. ಮೇ, ಜೂನ್ ಕೂಡ ಬರಲಿಲ್ಲ.

ಕಾರಣ ಇಷ್ಟೇ. ನಮ್ಮ ಸಂಘದ ಕಿಟ್‌ಗಳ ಹಣ ಒಂದು ಕಂಪನಿ ಸಮಾಜದ ಕೆಲಸಕ್ಕೆಂದು ತೆಗೆದಿಡುವ ಸಿ.ಎಸ್.ಆರ್. ನಿಧಿಯಿಂದ ಬರುತ್ತಿತ್ತು. ಕಂಪನಿಗಳ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ಹಳೆಯ ವರ್ಷದ ಲೆಕ್ಕ ಕೊಡಬೇಕು, ಹೊಸ ವರ್ಷಕ್ಕೆ ಅರ್ಜಿ ಹಾಕಬೇಕು, ಅವರ ಸಮಿತಿ ಕೂರಬೇಕು, ಮಂಜೂರಾಗಬೇಕು. ನಮಗೆ ಹಣ ಮತ್ತೆ ಬಂದದ್ದು ಜುಲೈ ಕೊನೆಗೆ. ಯಾರೂ ಮೋಸ ಮಾಡಲಿಲ್ಲ. ಕಂಪನಿಯವರು ಒಳ್ಳೆಯ ಜನ, ನಮ್ಮ ಖಜಾಂಚಿಗಳೂ ಪ್ರಾಮಾಣಿಕರು. ಆದರೆ ಕಾಯಿಲೆ ಜನವರಿಯಲ್ಲಿ ಬಂದವಳಿಗೆ ಮೂರು ಕಿಟ್, ಮಾರ್ಚ್‌ನಲ್ಲಿ ಬಂದವನಿಗೆ ಒಂದೇ ಕಿಟ್, ಆಗಸ್ಟ್‌ನಲ್ಲಿ ಬಂದವನಿಗೆ ಪೂರ್ತಿ ಆರು. ಯಾರಿಗೆ ಎಷ್ಟು ಅನ್ನ ಎಂಬುದು ರೋಗ ಯಾವ ತಿಂಗಳು ಬಂತು ಎಂಬುದರ ಮೇಲೆ ನಿಂತುಬಿಟ್ಟಿತು.

ಸರ್ಕಾರದ ಹಣವೂ ಅವಳಿಗೆ ಹೊತ್ತಿಗೆ ಸಿಗಲಿಲ್ಲ. ಅದನ್ನು ಎರಡು ಕಂತಿನಲ್ಲಿ ಕೊಡುತ್ತಾರೆ. ರೋಗ ಪತ್ತೆಯಾದಾಗ 3000, ಚಿಕಿತ್ಸೆಯ 84 ದಿನ ಮುಗಿದ ಮೇಲೆ ಇನ್ನೊಂದು 3000. ಅವಳ ಖಾತೆ ಇದ್ದದ್ದು ಊರಿನ ಬ್ಯಾಂಕಿನಲ್ಲಿ. ಕೆ.ವೈ.ಸಿ. ಅವಧಿ ಮುಗಿದುಹೋಗಿತ್ತು, ಖಾತೆಗೆ ಕೊಟ್ಟ ಫೋನ್ ನಂಬರ್ ಯಾವಾಗಲೋ ಬಂದ್ ಆಗಿತ್ತು. ಇಲ್ಲಿ ಹೊಸ ಖಾತೆ ತೆರೆಸಿ ಆಧಾರ್ ಜೋಡಿಸುವಷ್ಟರಲ್ಲಿ ಏಪ್ರಿಲ್ ಕೊನೆ ಬಂತು. ಬಂದ ಮೊದಲ ಕಂತು ಹಳೆಯ ಬಾಡಿಗೆಗೆ ಹೋಯಿತು. ಅವಳನ್ನು ನಾನು ತಪ್ಪು ಎನ್ನಲಾರೆ. ಖೋಲಿ ಬಿಡಿಸಿದರೆ ಮಾತ್ರೆ ತಿನ್ನಲು ಎಲ್ಲಿ ಕೂರುತ್ತಾಳೆ?

ಮೇ ತಿಂಗಳ ತೂಕ 36 ಕಿಲೋ 100. ಜೂನ್‌ನಲ್ಲಿ 35 ಕಿಲೋ 600. ನಾನು ತೂಕದ ಯಂತ್ರ ಮಾತ್ರ ಹಿಡಿದು ಹೋದ ದಿನ ಅವಳು, "ಟೀಚರ್ರೀ, ಈ ತಿಂಗಳೂ ಕಾಳು ಬರಲಿಲ್ಲೇನ್ರೀ? ನಂದೇನರ ತಪ್ಪಾತೇನು?" ಎಂದು ಕೇಳಿದಳು. ಬೇಸರದಿಂದ ಕೇಳಿದ್ದಲ್ಲ. ನಿಜವಾಗಿಯೂ ತನ್ನಿಂದ ಏನೋ ತಪ್ಪಾಗಿ ನಾವು ನಿಲ್ಲಿಸಿದ್ದೇವೆ ಎಂದುಕೊಂಡಿದ್ದಳು. ಆ ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಮರುದಿನ ಹೆಲ್ತ್ ಪೋಸ್ಟಿಗೆ ಹೋದೆ. ಅಲ್ಲಿಯ ಟಿ.ಬಿ. ಹೆಲ್ತ್ ವಿಸಿಟರ್ ಹುಡುಗಿ ತುಂಬಾ ಕಷ್ಟಪಡುವವಳು, ಮಳೆಯಲ್ಲೂ ಗಲ್ಲಿ ಗಲ್ಲಿ ಅಲೆಯುತ್ತಾಳೆ. ಅವಳು ಕಂಪ್ಯೂಟರ್ ನೋಡಿ, "ಈ ಪೇಶಂಟಿಗೆ ಮಿತ್ರ ಇದ್ದಾರೆ ಟೀಚರ್, ನಿಮ್ಮದೇ ಸಂಘ" ಎಂದಳು. ಪರದೆಯ ಮೇಲೆ ರೋಗಿಗೆ ಮಿತ್ರ ಇದ್ದಾರೆ, ಆದ್ದರಿಂದ ಬೇರೆ ದಾನಿಗೆ ಜೋಡಿಸುವ ಮಾತಿಲ್ಲ. ಯಾರಿಗೆ ದೂರು ಕೊಡಬೇಕು ಎಂದು ಕೇಳಿದೆ. ಅವಳಿಗೂ ಉತ್ತರ ಗೊತ್ತಿರಲಿಲ್ಲ. ಮಾತ್ರೆ ಒಂದು ದಿನ ತಪ್ಪಿದರೆ ಕೇಳಲು ಅಧಿಕಾರಿ ಇದ್ದಾರೆ, ಮೇಲಧಿಕಾರಿ ಇದ್ದಾರೆ, ಪತ್ರಿಕೆಯಲ್ಲಿ ಬರುತ್ತದೆ, ಶಾಸಕರು ಸದನದಲ್ಲಿ ಎತ್ತುತ್ತಾರೆ. ಏಕೆಂದರೆ ಮಾತ್ರೆ ಕೊಡುವುದು ಸರ್ಕಾರದ ಕೆಲಸ ಎಂದು ಎಲ್ಲರೂ ಒಪ್ಪಿದ್ದಾರೆ. ಕಿಟ್ ತಪ್ಪಿದರೆ ಯಾರದ್ದೂ ತಪ್ಪಲ್ಲ. ದಾನ ಕೊಟ್ಟವರನ್ನು ಯಾಕೆ ನಿಲ್ಲಿಸಿದಿರಿ ಎಂದು ಗಟ್ಟಿಯಾಗಿ ಕೇಳಲು ಯಾರಿಗೆ ಬಾಯಿ ಬರುತ್ತದೆ?

ಇಲ್ಲಿ ಒಂದು ಪ್ರಶ್ನೆ ಏಳಬಹುದು. ಕಿಟ್ ಎಂಬುದು ಮೇಲಿನ ಒಂದು ಸಹಾಯ, ಚಿಕಿತ್ಸೆ ಎಂದರೆ ಮಾತ್ರೆ ತಾನೇ? ನಾನೂ ಮೊದಲು ಹಾಗೇ ತಿಳಿದಿದ್ದೆ. ಆದರೆ ಇದಕ್ಕೆ ಉತ್ತರ ನಮ್ಮವರ ಹತ್ತಿರದಿಂದಲೇ ಬಂದಿದೆ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಮತ್ತು ಅವರ ಜೊತೆಗಾರರು ಜಾರ್ಖಂಡ್‌ನ ನಾಲ್ಕು ಜಿಲ್ಲೆಗಳಲ್ಲಿ 2019ರಿಂದ 2022ರವರೆಗೆ ಒಂದು ದೊಡ್ಡ ಅಧ್ಯಯನ ಮಾಡಿದರು. 2800 ರೋಗಿಗಳು, ಅವರ ಮನೆಗಳ ಹತ್ತು ಸಾವಿರಕ್ಕೂ ಜಾಸ್ತಿ ಜನ. ರೋಗಿಗಳೆಲ್ಲರಿಗೂ ತಿಂಗಳಿಗೆ 10 ಕಿಲೋದಷ್ಟು ಆಹಾರ ಕೊಟ್ಟರು. ಅರ್ಧದಷ್ಟು ಮನೆಗಳಲ್ಲಿ ರೋಗಿಗೆ ಮಾತ್ರವಲ್ಲ, ಮನೆಯ ಉಳಿದವರಿಗೂ, ದೊಡ್ಡವರೊಬ್ಬರಿಗೆ ತಿಂಗಳಿಗೆ 5 ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆಯಂತೆ ಕೊಟ್ಟರು. ಫಲಿತಾಂಶ 2023ರ ಆಗಸ್ಟ್‌ನಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಗಳಲ್ಲಿ ಬಂತು. ಮನೆಯವರಿಗೂ ಆಹಾರ ಸಿಕ್ಕ ಕಡೆ ಹೊಸದಾಗಿ ಟಿ.ಬಿ. ಬರುವುದು ಶೇಕಡಾ 39ರಷ್ಟು ಕಡಿಮೆಯಾಗಿತ್ತು. ರೋಗಿಗಳಲ್ಲಿ, ಮೊದಲ ಎರಡು ತಿಂಗಳಲ್ಲಿ ತೂಕ ಶೇಕಡಾ 5 ಏರಿದವರಿಗೆ ಸಾಯುವ ಅಪಾಯ ಶೇಕಡಾ 61ರಷ್ಟು ಕಡಿಮೆ ಇತ್ತು. ಅಂದರೆ ಅಕ್ಕಿ ಬೇಳೆಯೂ ಚಿಕಿತ್ಸೆಯ ಭಾಗವೇ.

ಇದನ್ನು ಓದಿದ ಮೇಲೆ ನಮ್ಮ ಕಿಟ್ ಹಿಡಿದು ಲೆಕ್ಕ ಹಾಕಿದೆ. ಮೂವತ್ತು ದಿನಕ್ಕೆ ಹಂಚಿದರೆ ದಿನಕ್ಕೆ 100 ಗ್ರಾಂ ಧಾನ್ಯ, 50 ಗ್ರಾಂ ಬೇಳೆ, ಎರಡು ಚಮಚದಷ್ಟು ಎಣ್ಣೆ, ಒಂದು ಹಿಡಿ ಶೇಂಗಾ. ಎಲ್ಲ ಸೇರಿ ಸುಮಾರು 780 ಕ್ಯಾಲೊರಿ, 30 ಗ್ರಾಂನಷ್ಟು ಪ್ರೋಟೀನ್. ಜಾರ್ಖಂಡ್‌ನಲ್ಲಿ ರೋಗಿಗೆ ಸಿಕ್ಕಿದ್ದು ದಿನಕ್ಕೆ 1200 ಕ್ಯಾಲೊರಿ, 52 ಗ್ರಾಂ ಪ್ರೋಟೀನ್. ನಮ್ಮದು ಮೊದಲೇ ಕಡಿಮೆ. ಅದೂ ರೋಗಿಯೊಬ್ಬಳೇ ತಿಂದರೆ. ಎರಡು ಮಕ್ಕಳನ್ನು ಮುಂದೆ ಕೂರಿಸಿಕೊಂಡು ಯಾವ ತಾಯಿ ಒಬ್ಬಳೇ ತಿನ್ನುತ್ತಾಳೆ, ಹೇಳಿ? ನಾಲ್ವರಿಗೆ ಹಂಚಿದರೆ ಅವಳ ಪಾಲಿಗೆ 200 ಕ್ಯಾಲೊರಿಯೂ ಇಲ್ಲ. ಕಾಳು ಹಂಚಬೇಡ, ನೀನೇ ತಿನ್ನು ಎಂದು ನಾನು ಅವಳಿಗೆ ಬುದ್ಧಿ ಹೇಳಿದ್ದೂ ಇದೆ, ಈಗ ನೆನೆದರೆ ಸಂಕಟವಾಗುತ್ತದೆ. ಜಾರ್ಖಂಡ್‌ನಲ್ಲಿ ಮನೆಯವರಿಗೂ ಕೊಟ್ಟಿದ್ದರಿಂದ ರೋಗಿಯ ತಟ್ಟೆಯಿಂದ ಪಾಲು ಹೋಗುವ ಕಾರಣವೇ ಕಡಿಮೆಯಾಯಿತು.

ಅವಳ ಚಿಕಿತ್ಸೆ ಜುಲೈ ನಡುವೆ ಮುಗಿಯಿತು. ಕಫದ ಪರೀಕ್ಷೆಯಲ್ಲಿ ಟಿ.ಬಿ. ಇಲ್ಲ ಎಂದು ಬಂತು. ದಾಖಲೆಯಲ್ಲಿ ಅವಳು ಗುಣವಾದವಳು. ತೂಕ 35 ಕಿಲೋ 800. ಅಕ್ಟೋಬರ್‌ನಲ್ಲಿ ಅವಳ ಹದಿಮೂರು ವರ್ಷದ ಮಗಳಿಗೆ ಟಿ.ಬಿ. ಎಂದು ಗೊತ್ತಾಯಿತು. ಮನೆಯವರಿಗೆ ತಪಾಸಣೆ ಮಾಡಿ ತಡೆ ಮಾತ್ರೆ ಕೊಡುವ ಪದ್ಧತಿ ಇದೆ. ಆದರೆ ಆ ತಪಾಸಣೆಯ ಹೊತ್ತಿಗೆ ಮಗಳು ಊರಿನಲ್ಲಿ ಅಜ್ಜಿಯ ಹತ್ತಿರ ಇದ್ದಳು, ಅವಳ ಸರದಿ ತಪ್ಪಿಹೋಯಿತು. ಆರು ಕಿಟ್ ಸಿಕ್ಕಿದ್ದರೆ ಮಗಳಿಗೆ ಬರುತ್ತಿರಲಿಲ್ಲ ಎಂದು ನಾನು ಹೇಳುವುದಿಲ್ಲ, ಹಾಗೆ ಹೇಳಲು ಬರುವುದೂ ಇಲ್ಲ. ಅಪಾಯ ಕಡಿಮೆ ಮಾಡಬಹುದಾಗಿದ್ದ ಒಂದು ಕೆಲಸ ನಮ್ಮ ಕೈಯಲ್ಲಿತ್ತು, ಅದನ್ನು ನಾವು ನಡುದಾರಿಯಲ್ಲಿ ಬಿಟ್ಟೆವು ಎಂದು ಮಾತ್ರ ಹೇಳುತ್ತೇನೆ.

ಇನ್ನು ವೇದಿಕೆಯ ವಿಷಯ. ಒಂದು ಸಲ ಹಾಲ್‌ನಲ್ಲಿ ಕಿಟ್ ವಿತರಣೆಯ ಸಮಾರಂಭ ಇಟ್ಟೆವು. ಹಿಂದೆ ಬ್ಯಾನರ್, ಮುಂದೆ ಫೋಟೋದವರು. ಹೆಸರು ಕರೆದಾಗ ಒಬ್ಬ ಹೆಂಗಸು ಸೆರಗನ್ನು ಮೂಗಿನವರೆಗೆ ಎಳೆದುಕೊಂಡು ಬಂದಳು. ಮಾಸ್ಕ್ ಹಾಕಿದ್ದ ಒಬ್ಬ ಹೋಟೆಲ್ ಹುಡುಗನಿಗೆ ಫೋಟೋಗಾಗಿ ಮಾಸ್ಕ್ ಇಳಿಸಲು ಹೇಳಿದರು. ಆ ಹುಡುಗ ಮುಂದಿನ ತಿಂಗಳಿನಿಂದ ಕಿಟ್ ಬೇಡ ಎಂದ. ಫೋಟೋ ಮಾಲೀಕರ ಕಣ್ಣಿಗೆ ಬಿದ್ದರೆ ಕೆಲಸ ಹೋಗುತ್ತದೆ ಎಂದು ನನ್ನ ಹತ್ತಿರ ಹೇಳಿದ. ದಾಖಲೆಯಲ್ಲಿ ಅದನ್ನು ರೋಗಿ ಸಹಾಯ ನಿರಾಕರಿಸಿದ ಎಂದು ಬರೆದುಕೊಂಡರು. ನಿರಾಕರಿಸಿದ್ದು ಅನ್ನವನ್ನಲ್ಲ, ಅಲ್ವಾ?

ಹಿರಿಯರೇ, ನಾನು ಸಂಘಗಳ ವಿರೋಧಿ ಅಲ್ಲ. ನನ್ನ ಅರ್ಧ ಜೀವನ ಸಂಘದಲ್ಲೇ ಕಳೆದಿದೆ. ಖೋಲಿ ಖೋಲಿ ಹುಡುಕುವುದು, ಕನ್ನಡದಲ್ಲಿ ಧೈರ್ಯ ಹೇಳುವುದು, ಬ್ಯಾಂಕಿಗೆ ಜೊತೆಗೆ ಹೋಗುವುದು, ಮಾತ್ರೆಯಿಂದ ವಾಂತಿಯಾದರೆ ಆಸ್ಪತ್ರೆಗೆ ಕರೆದೊಯ್ಯುವುದು, ಇವು ಸಂಘದವರು ಚೆನ್ನಾಗಿ ಮಾಡುವ ಕೆಲಸಗಳು, ಬಹಳ ಸಲ ಸರ್ಕಾರದವರಿಗಿಂತ ಚೆನ್ನಾಗಿ. ಆದರೆ ಪ್ರತಿ ರೋಗಿಗೆ, ಪ್ರತಿ ತಿಂಗಳು, ತಪ್ಪದೆ ಆಹಾರ ಮುಟ್ಟಿಸುವುದು ನಮ್ಮಿಂದ ಆಗುವ ಕೆಲಸವಲ್ಲ. ದೇಶದಲ್ಲಿ ವರ್ಷಕ್ಕೆ 25 ಲಕ್ಷಕ್ಕೂ ಜಾಸ್ತಿ ಜನರಿಗೆ ಟಿ.ಬಿ. ಬರುತ್ತದೆ. ನಮ್ಮ ಸಂಘ ನೋಡಿಕೊಂಡದ್ದು ಒಂದು ಸಲಕ್ಕೆ ಇಪ್ಪತ್ತೈದು ಜನರನ್ನು, ಅದೂ ರೈಲ್ವೆ ಸ್ಟೇಷನ್‌ನಿಂದ ನಡೆದು ಹೋಗುವಷ್ಟು ಹತ್ತಿರ ಇದ್ದವರನ್ನು. ದೂರದ ಗುಡ್ಡದ ಮೇಲಿನ ವಸ್ತಿಗೆ ಕಿಟ್ ಹೊತ್ತು ಹತ್ತಲು ನಮ್ಮಲ್ಲಿ ಜನ ಇರಲಿಲ್ಲ. ಅಲ್ಲಿಯವರಿಗೆ ಹಸಿವು ಕಡಿಮೆ ಇತ್ತೇನು?

ನಾವು ಕೊಡುತ್ತಿರುವುದರಿಂದ ಇನ್ನೊಂದು ತೊಂದರೆಯೂ ಆಗುತ್ತಿದೆ, ಇದನ್ನು ಹೇಳಲು ನನಗೆ ಕಷ್ಟವಾಗುತ್ತದೆ. ಆಹಾರದ ವ್ಯವಸ್ಥೆ ಏನಾಯಿತು ಎಂದು ಯಾರಾದರೂ ಕೇಳಿದರೆ ನಮ್ಮನ್ನು ತೋರಿಸುತ್ತಾರೆ. ನಿಕ್ಷಯ್ ಮಿತ್ರರು ಇದ್ದಾರಲ್ಲ ಎಂಬುದೇ ಉತ್ತರ. ಮಾತ್ರೆಗೆ ಬಜೆಟ್ಟಿನಲ್ಲಿ ಹಣ ಇಟ್ಟ ಹಾಗೆ ಕಿಟ್‌ಗೆ ಇಡುವ ಒತ್ತಡ ಇಲ್ಲದಂತಾಗುವುದಕ್ಕೆ ನಾವೂ ಕಾರಣರಾಗಿದ್ದೇವೆ.

ಶಾಲೆಯ ಬಿಸಿಯೂಟ ನೆನಪಿಸಿಕೊಳ್ಳಿ. 2001ರ ಏಪ್ರಿಲ್‌ನಲ್ಲಿ ಪಿ.ಯು.ಸಿ.ಎಲ್. ಎಂಬ ನಾಗರಿಕ ಸಂಘಟನೆ ಸುಪ್ರೀಂ ಕೋರ್ಟಿಗೆ ಹೋಯಿತು. ಸರ್ಕಾರಿ ಗೋದಾಮುಗಳಲ್ಲಿ ಧಾನ್ಯ ಕೊಳೆಯುತ್ತಿದೆ, ಜನ ಹಸಿದಿದ್ದಾರೆ ಎಂಬುದು ಅವರ ದೂರು. ಆ ವರ್ಷದ ನವೆಂಬರ್ 28ರಂದು ಕೋರ್ಟು ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಲೇಬೇಕು ಎಂದಿತು. ಆ ಸಂಘಟನೆಯವರು ತಾವೇ ಒಲೆ ಹೂಡಿ ನಾಲ್ಕು ಶಾಲೆಗೆ ಊಟ ಹಾಕಿದ್ದರೆ ನಾಲ್ಕು ಶಾಲೆಯ ಮಕ್ಕಳು ಉಣ್ಣುತ್ತಿದ್ದರು. ಸರ್ಕಾರದ ಕೆಲಸವನ್ನು ಸರ್ಕಾರದಿಂದ ಮಾಡಿಸಿದ್ದರಿಂದ ಪಾಲಿಕೆಯ ನನ್ನ ಶಾಲೆಯ ಮಕ್ಕಳಿಗೂ ಮಧ್ಯಾಹ್ನ ಖಿಚಡಿ ಬಂತು. ಬಾರದ ದಿನ ತಾಯಂದಿರು ಬಂದು ನನ್ನನ್ನೇ ಜೋರು ಮಾಡಿ ಕೇಳಿದರು. ಹಾಗೆ ಕೇಳಲು ಅವರಿಗೆ ಅಧಿಕಾರ ಇತ್ತು.

ಈಗ ನನ್ನ ಬೇಡಿಕೆಗಳು.

ಮೊದಲನೆಯದು, ಮುಂಬೈಯ ಕನ್ನಡ ಸಂಘಗಳೆಲ್ಲ ಸೇರಿ ಪಾಲಿಕೆಯ ಆರೋಗ್ಯ ವಿಭಾಗಕ್ಕೂ ರಾಜ್ಯ ಸರ್ಕಾರಕ್ಕೂ ಒಂದು ಮನವಿ ಕೊಡಬೇಕು. ದಾನಿ ಇರಲಿ ಬಿಡಲಿ, ರೋಗ ಪತ್ತೆಯಾದ ವಾರದಿಂದ ಚಿಕಿತ್ಸೆ ಮುಗಿಯುವವರೆಗೆ ರೋಗಿಗೂ ಮನೆಯವರಿಗೂ ಬೇಳೆ, ಎಣ್ಣೆ, ಶೇಂಗಾ ಅಥವಾ ಹಾಲಿನ ಪುಡಿಯನ್ನು ಸರ್ಕಾರವೇ ಕೊಡಬೇಕು ಎಂದು ಅದರಲ್ಲಿ ಕೇಳಬೇಕು. ಇದಕ್ಕೆ ಹೊಸ ಅಂಗಡಿ ತೆರೆಯಬೇಕಾಗಿಲ್ಲ. ರೇಷನ್ ಅಂಗಡಿ ಪ್ರತಿ ವಸ್ತಿಯ ಹತ್ತಿರ ಇದೆ. ಒಂದು ದೇಶ ಒಂದು ರೇಷನ್ ಕಾರ್ಡ್ ವ್ಯವಸ್ಥೆಯಿಂದ ಕರ್ನಾಟಕದ ಕಾರ್ಡ್ ಇದ್ದವರೂ ಕೇಂದ್ರದ ಪಾಲಿನ ಧಾನ್ಯವನ್ನು ಇಲ್ಲಿಯೇ ಪಡೆಯಬಹುದು. ಆದರೆ ಅದರಲ್ಲಿ ಬೇಳೆಯೂ ಇಲ್ಲ, ಎಣ್ಣೆಯೂ ಇಲ್ಲ. ಟಿ.ಬಿ. ರೋಗಿಯ ನಿಕ್ಷಯ್ ನಂಬರ್ ತೋರಿಸಿದರೆ ಆ ಉಳಿದದ್ದು ಅದೇ ಅಂಗಡಿಯಲ್ಲಿ ಸಿಗುವಂತೆ ಮಾಡಬಹುದು. ಕಾರ್ಡೇ ಇಲ್ಲದವರೂ ಇದ್ದಾರೆ, ಅವರಿಗೆ ಹೆಲ್ತ್ ಪೋಸ್ಟಿನಿಂದಲೇ ಕೊಡಬೇಕು. ತಮಿಳುನಾಡಿನಲ್ಲಿ 2022ರಿಂದ ಸರ್ಕಾರಿ ಆಸ್ಪತ್ರೆಗಳಲ್ಲಿ ರೋಗ ಪತ್ತೆಯಾದ ಕೂಡಲೇ ತೂಕ, ಎತ್ತರ, ಉಸಿರಾಟ, ಆಧಾರವಿಲ್ಲದೆ ನಿಲ್ಲಲು ಆಗುತ್ತದೆಯೇ ಎಂಬುದನ್ನೆಲ್ಲ ನೋಡಿ, ತೀರಾ ಸೊರಗಿದವರನ್ನು ಆಸ್ಪತ್ರೆಗೆ ಸೇರಿಸಿಕೊಳ್ಳುವ ಪದ್ಧತಿ ತಂದಿದ್ದಾರೆ. ಸರ್ಕಾರ ಮನಸ್ಸು ಮಾಡಿದರೆ ಆಗುತ್ತದೆ.

ಎರಡನೆಯದು, ಅಲ್ಲಿಯವರೆಗೆ ನಾವು ನಡೆದುಕೊಳ್ಳುವ ರೀತಿ. ಒಬ್ಬ ರೋಗಿಯ ಹೆಸರು ಒಪ್ಪಿಕೊಳ್ಳುವ ಮೊದಲು ಆರು ತಿಂಗಳ ಕಿಟ್‌ನ ಹಣ ಬ್ಯಾಂಕಿನಲ್ಲಿ ಇರಬೇಕು. ನಾವು ಕೊಳ್ಳುವ ದರದಲ್ಲಿ ಶೇಂಗಾ ಹಾಕಿದ ಕಿಟ್‌ಗೆ 600 ರೂಪಾಯಿ ಆಗುತ್ತದೆ, ಆರು ತಿಂಗಳಿಗೆ 3600. ಹಣ ಇಲ್ಲದಿದ್ದರೆ ಇಪ್ಪತ್ತೈದರ ಬದಲು ಹತ್ತು ಜನರನ್ನು ತೆಗೆದುಕೊಳ್ಳಿ, ಆದರೆ ಅವರನ್ನು ಕೊನೆವರೆಗೆ ನೋಡಿಕೊಳ್ಳಿ. ನಿಲ್ಲಿಸಲೇಬೇಕಾದರೆ ಒಂದು ತಿಂಗಳು ಮುಂಚೆ ಹೆಲ್ತ್ ಪೋಸ್ಟಿಗೆ ಬರೆದು ತಿಳಿಸಿ, ಪೋರ್ಟಲ್‌ನಿಂದ ನಿಮ್ಮ ಹೆಸರು ತೆಗೆಸಿ, ಅವರು ಬೇರೆ ಯಾರನ್ನಾದರೂ ಹುಡುಕಲಿ. ವೇದಿಕೆ, ಫೋಟೋ, ಬ್ಯಾನರ್ ಬೇಡವೇ ಬೇಡ. ಕಿಟ್ ಯಾವ ಗುರುತೂ ಇಲ್ಲದ ಚೀಲದಲ್ಲಿ ಹೋಗಲಿ.

ಮೂರನೆಯದು ಸುಲಭದ್ದು. ಪ್ರತಿ ಸಂಘ ತನ್ನ ವಾರ್ಡಿನ ಬಗ್ಗೆ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಲಿ. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು. ಕಳೆದ ವರ್ಷ ಎಷ್ಟು ರೋಗಿಗಳು ಕಿಟ್‌ಗೆ ಒಪ್ಪಿದರು, ಎಷ್ಟು ಜನರಿಗೆ ದಾನಿ ಸಿಕ್ಕರು, ಆರಕ್ಕೆ ಆರೂ ಕಿಟ್ ಎಷ್ಟು ಜನರಿಗೆ ಮುಟ್ಟಿತು, ಖಾತೆಗೆ ಹಣ ಬರಲು ಎಷ್ಟು ದಿನ ಹಿಡಿಯಿತು ಎಂದು ಕೇಳಿ. ರೋಗಿಗಳ ಹೆಸರು ಕೇಳಬೇಡಿ, ಸಂಖ್ಯೆ ಸಾಕು. ಮೊದಲ ಎರಡು ಸಂಖ್ಯೆಗಳನ್ನು ಎಲ್ಲರೂ ಹೇಳುತ್ತಾರೆ, ಮೂರನೆಯದನ್ನು ಹಟ ಹಿಡಿದು ಕೇಳಿ. ಜೊತೆಗೆ ನಮ್ಮ ಸಂಘಗಳೂ ತಮ್ಮ ಲೆಕ್ಕವನ್ನು ಇದೇ ರೀತಿ ಹೊರಗಿಡಲಿ. ನಮ್ಮದನ್ನು ನಾನೇ ಹೇಳುತ್ತೇನೆ: 2025ರ ಜನವರಿಯಿಂದ ಜೂನ್‌ವರೆಗೆ ನಾವು ಒಪ್ಪಿಕೊಂಡ ಇಪ್ಪತ್ತೈದು ರೋಗಿಗಳಲ್ಲಿ ಒಬ್ಬರಿಗೂ ತಪ್ಪದೆ ಆರು ತಿಂಗಳು ಕಿಟ್ ಮುಟ್ಟಲಿಲ್ಲ.

ಮನವಿಯ ಕರಡು ನನ್ನ ಹತ್ತಿರ ಸಿದ್ಧವಿದೆ, ಕನ್ನಡದಲ್ಲೂ ಮರಾಠಿಯಲ್ಲೂ. ಯಾವ ಸಂಘ ಕರೆದರೂ ನನ್ನ ತೂಕದ ನೋಟ್‌ಬುಕ್ ತೆಗೆದುಕೊಂಡು ಬರುತ್ತೇನೆ. ಆ ತಾಯಿಯ ಮಗಳ ಚಿಕಿತ್ಸೆ ಈಗ ನಡೆಯುತ್ತಿದೆ. ಅವಳ ಆರು ಕಿಟ್‌ಗಳ ಹಣವನ್ನು ನಾವು ನಾಲ್ಕು ಜನ ನಿವೃತ್ತ ಟೀಚರುಗಳು ಮೊದಲೇ ಎತ್ತಿಟ್ಟಿದ್ದೇವೆ. ಅವಳ ಪಕ್ಕದ ಖೋಲಿಯಲ್ಲಿ ಇನ್ನೊಬ್ಬ ರೋಗಿ ಇದ್ದಾನೆ. ಅವನಿಗೆ ಇನ್ನೂ ಯಾರೂ ಸಿಕ್ಕಿಲ್ಲ.

ಇಂತಿ,
ನಿಮ್ಮವಳೇ ಆದ ಒಬ್ಬ ನಿವೃತ್ತ ಶಿಕ್ಷಕಿ,
ಮುಂಬೈ